ಬೆಣ್ಣೆ ದೋಸೆ ಪಕ್ಕದಲ್ಲಿ RECIPE ಎಂದು ಕೂಗಬೇಕೇ?

ದಾವಣಗೆರೆಯಲ್ಲಿರುವ ನನ್ನ ತಂಗಿಯ ಮಗ ಅಡುಗೆ ವಿಡಿಯೋ ಮಾಡುತ್ತಾನೆ. ಹೋದ ತಿಂಗಳು ಒಂದಕ್ಕೆ `ದಾವಣಗೆರೆ ಬೆಣ್ಣೆ ದೋಸೆ SECRET RECIPE REVEALED` ಎಂದು ಹೆಸರಿಟ್ಟಿದ್ದ. ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಕೂತಿದ್ದಾಗ, ಇದೆಲ್ಲ ಯಾಕೋ ಕ್ಯಾಪಿಟಲ್‌ನಲ್ಲಿ ಎಂದು ಕೇಳಿದೆ. “ಹಂಗ್ ಹಾಕಿದ್ರೇನೇ ಮಾಮ, ಜನ ಕ್ಲಿಕ್ ಮಾಡೋದು” ಎಂದ.

ಅವನ ಮಾತು ಪೂರ್ತಿ ಸುಳ್ಳಲ್ಲ. ಸಾಲಾಗಿ ಇಟ್ಟ ವಸ್ತುಗಳಲ್ಲಿ ಒಂದು ಮಾತ್ರ ಬೇರೆ ಥರ ಇದ್ದರೆ ಅದೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞೆ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲೇ ಬರೆದಿದ್ದರು. ಕನ್ನಡದಲ್ಲಿ ಕ್ಯಾಪಿಟಲ್, ಸ್ಮಾಲ್ ಎಂಬ ಭೇದವೇ ಇಲ್ಲ. ವಾಕ್ಯದ ಮೊದಲಿಗೆ ಬಂದರೂ ಊರಿನ ಹೆಸರಲ್ಲಿ ಬಂದರೂ ದ ಎಂದರೆ ದ. ಇಂಥ ಗುಂಡಗಿನ ಅಕ್ಷರಗಳ ನಡುವೆ `RECIPE` ನಿಂತರೆ ಗೋಡೆ ಕಟ್ಟಿದಂತೆ ಕಾಣುತ್ತದೆ, ಕಣ್ಣು ಹೋಗಿಯೇ ಹೋಗುತ್ತದೆ. ಆದರೆ ಈ ಲಾಭ ಒಂಟಿ ಪದಕ್ಕೆ ಮಾತ್ರ. ಮೂರು ಪದ ಒಟ್ಟಿಗೆ ಕೂಗಿದರೆ ಯಾವುದೂ ಬೇರೆಯಾಗಿ ಉಳಿಯುವುದಿಲ್ಲ. ಮೇಲಾಗಿ ಕ್ಯಾಪಿಟಲ್ ಅಕ್ಷರಗಳು ಅಗಲ. ಮೊಬೈಲ್ ಪರದೆಯಲ್ಲಿ ಜಾಗ ಸಾಲದೆ ಹೆಸರಿನ ಬಾಲವೇ ತುಂಡಾಗುತ್ತದೆ.

ಕ್ಯಾಪಿಟಲ್‌ನಲ್ಲಿ ಓದುವುದು ನಿಧಾನ ಎಂದು ಎಲ್ಲರೂ ಹೇಳುವುದುಂಟು. ಉದ್ದದ ಬರಹಕ್ಕೆ ಅದು ನಿಜ, ಅಮೆರಿಕದ ಮನಶ್ಶಾಸ್ತ್ರಜ್ಞ ಮೈಲ್ಸ್ ಟಿಂಕರ್ ದಶಕಗಳ ಕಾಲ ಅಳೆದು ತೋರಿಸಿದ್ದಾರೆ. ಎರಡು ಮೂರು ಪದಕ್ಕೆ ಆ ನಿಧಾನ ಲೆಕ್ಕಕ್ಕಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಯಂತ್ರದ ಕಣ್ಣು. ಸ್ಪ್ಯಾಮ್ ಮೇಲ್ ಸೋಸುವ ಸ್ಪ್ಯಾಮ್ ಅಸಾಸಿನ್ ಎಂಬ ತಂತ್ರಾಂಶದಲ್ಲಿ `SUBJ_ALL_CAPS` ಎಂಬ ನಿಯಮವೇ ಇದೆ: ವಿಷಯದ ಸಾಲು ಪೂರ್ತಿ ಕ್ಯಾಪಿಟಲ್‌ನಲ್ಲಿದ್ದರೆ ಅನುಮಾನದ ಅಂಕ ಏರುತ್ತದೆ. ಗೂಗಲ್‌ನ ಜಾಹೀರಾತು ನಿಯಮವೂ `FLOWERS` ಎಂದು ಸುಮ್ಮನೆ ಕೂಗುವುದನ್ನು ಒಪ್ಪುವುದಿಲ್ಲ. ಪೂರ್ತಿ ಎಂದರೆ ಎಷ್ಟು? ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಸಾಲು ಪೂರ್ತಿ ಕ್ಯಾಪಿಟಲ್ಲೇ ಎಂದು ಕೇಳಲು `isupper` ಎಂಬುದಿದೆ. ಹೌದಾದರೆ `True`, ಅಲ್ಲವಾದರೆ `False` ಎನ್ನುತ್ತದೆ. ಕೇಳಿ ನೋಡಿದೆ:

```
"ಬೆಣ್ಣೆ ದೋಸೆ".isupper()         # False
"ಬೆಣ್ಣೆ ದೋಸೆ RECIPE".isupper()  # True
"ಬೆಣ್ಣೆ ದೋಸೆ Recipe".isupper()  # False
```

ಭೇದವಿರುವ ಅಕ್ಷರಗಳನ್ನಷ್ಟೇ ಅದು ನೋಡುತ್ತದೆ, ಕನ್ನಡದವು ಎಣಿಕೆಗೇ ಬರುವುದಿಲ್ಲ. ಹಾಗಾಗಿ ಕನ್ನಡ ಸಾಲಿನಲ್ಲಿ ಇರುವ ಒಂದೇ ಇಂಗ್ಲಿಷ್ ಪದ ಕ್ಯಾಪಿಟಲ್ ಆದರೆ ಇಡೀ ಸಾಲೇ ಕ್ಯಾಪಿಟಲ್! ಇಂಗ್ಲಿಷಿನವನು ಒಂದು ಪದ ಕೂಗಿದರೆ ಉಳಿದ ಸ್ಮಾಲ್ ಅಕ್ಷರಗಳು ಅವನನ್ನು ಕಾಯುತ್ತವೆ. ನಮಗೆ ಆ ರಕ್ಷಣೆ ಇಲ್ಲ. ಹೀಗೆ ಎಣಿಸುವ ಸೋಸುಕದ ಮುಂದೆ ನಾವು ಮೆಲ್ಲಗೆ ಮಾತಾಡಿದರೂ ಅರಚಿದಂತೆ.

ಇನ್ನು ನಂಬಿಕೆಯ ವಿಚಾರ. ಅಮೆರಿಕದ ಸಂಶೋಧಕರಾದ ಹಾರ್ನ್ ಮತ್ತು ಅದಾಲಿ 2017ರಲ್ಲಿ ಸುದ್ದಿಗಳನ್ನು ಹೋಲಿಸಿದಾಗ, ಸುಳ್ಳು ಸುದ್ದಿಯ ಶೀರ್ಷಿಕೆಗಳಲ್ಲಿ ಪೂರ್ತಿ ಕ್ಯಾಪಿಟಲ್ ಪದಗಳು ಹೆಚ್ಚಿದ್ದವು. ಹಾಗೆಂದು ಕ್ಯಾಪಿಟಲ್ ಕಂಡದ್ದೆಲ್ಲ ಸುಳ್ಳಲ್ಲ. ನಮ್ಮ ಅಶೋಕ ರಸ್ತೆಯ ಅಂಗಡಿ ಬೋರ್ಡುಗಳನ್ನು ನೋಡಿ, ಇಂಗ್ಲಿಷ್ ಬರೆದಿದ್ದರೆ ಬಹುಪಾಲು ಕ್ಯಾಪಿಟಲ್ಲೇ. ಅರ್ಜಿಯಲ್ಲೂ ಹಾಗೇ ತುಂಬಿಸುತ್ತಾರೆ. ಅಲ್ಲಿ ಯಾರಿಗೂ ಅದು ಕೂಗಿದಂತೆ ಕೇಳಿಸದು. ಅನುಮಾನ ಏಳುವುದು ಪದದ ಅರ್ಥವೂ ಕೂಗಿದಾಗ, `SECRET`, `URGENT`, `SHOCKING` ಎಂಬಂಥ ಕಡೆ. ತಲೆಕೆಳಗಾದ ತಪ್ಪೂ ಉಂಟು. ಪ್ರತಿ ಪದದ ಮೊದಲ ಅಕ್ಷರವನ್ನಷ್ಟೇ ದೊಡ್ಡದು ಮಾಡುವ ಟೈಟಲ್ ಕೇಸನ್ನು ಯಂತ್ರಕ್ಕೆ ಬಿಟ್ಟರೆ `KSRTC` ಹೋಗಿ `Ksrtc` ಆಗುತ್ತದೆ. ನೌಕರಿಯ ಪ್ರಕಟಣೆಯಲ್ಲಿ ಹಾಗೆ ಕಂಡರೆ, ಇದನ್ನು ನಿಗಮದವರು ಬರೆದಿಲ್ಲ ಎಂದು ಓದುಗನಿಗೆ ತಟ್ಟನೆ ಅನಿಸುತ್ತದೆ.

ಅಳಿಯ ಸುಮ್ಮನಾಗಲಿಲ್ಲ, ಲೆಕ್ಕ ತೆಗೆದ. ಕ್ಯಾಪಿಟಲ್ ಹೆಸರು 2,000 ಸಲ ಪರದೆಯ ಮೇಲೆ ಬಂದಾಗ 120 ಕ್ಲಿಕ್. ಮುಂದಿನ ವಾರ `ದಾವಣಗೆರೆ ಬೆಣ್ಣೆ ದೋಸೆ Recipe` ಎಂದು ಬದಲಿಸಿದಾಗ ಅಷ್ಟೇ ಸಲಕ್ಕೆ 100. “ನೋಡ್ ಮಾಮ!” ಆದರೆ ಎರಡೂ ವಾರ ಒಂದೇ ಹೆಸರಿದ್ದರೂ ಬರೀ ಅದೃಷ್ಟದಿಂದ ಹದಿನೈದು ಕ್ಲಿಕ್ ಅತ್ತಿತ್ತ ಆಗುವುದು ಮಾಮೂಲು. 20,000ಕ್ಕೆ 1,200 ಮತ್ತು 1,000 ಬಂದಿದ್ದರೆ ಒಪ್ಪುತ್ತಿದ್ದೆ. ಅದೂ ಒಂದು ವಾರ ಹಬ್ಬ, ಇನ್ನೊಂದು ವಾರ ಪರೀಕ್ಷೆ ಇಲ್ಲದಿದ್ದರೆ.

ಕ್ಲಿಕ್ ಮಾಡಿದವರು ಎಷ್ಟು ಹೊತ್ತು ನೋಡಿದರು ಎಂದು ಕೇಳಿದೆ. ಫೋನ್ ತಿರುವಿ ತೋರಿಸಿದ: ಮೊದಲ ವಾರದವರು ಹಿಟ್ಟು ರುಬ್ಬುವಷ್ಟರಲ್ಲೇ ಎದ್ದು ಹೋಗಿದ್ದರು, ಎರಡನೇ ವಾರದವರು ಬೆಣ್ಣೆ ಹಾಕುವವರೆಗೆ ಕೂತಿದ್ದರು. ಇದೂ ಚಿಕ್ಕ ಲೆಕ್ಕವೇ, ನಾನು ಗೆದ್ದೆ ಎನ್ನಲಾರೆ. ಹೆಸರನ್ನು `Recipe` ಎಂದೇ ಉಳಿಸಿಕೊಂಡಿದ್ದಾನೆ. ಚಿತ್ರದ ಮೇಲೆ ಕೆಂಪಗೆ ಬರೆದ `SECRET` ಮಾತ್ರ ಇನ್ನೂ ಅಳಿಸಿಲ್ಲ.