‘ಉತ್ತಮ ಅವಕಾಶ’ದ ಹಿಂದೆ ಏನಿದೆ? ಒಂದು ವರ್ಷದ ನಿರ್ಗಮನ ಸಂದರ್ಶನಗಳನ್ನು ಓದುವ ಬಗೆ

ಪ್ರಶ್ನೆ: ಕೆಲಸ ಬಿಟ್ಟು ಹೋದವರ ನಿರ್ಗಮನ ಸಂದರ್ಶನದ ಟಿಪ್ಪಣಿಗಳು ಒಂದು ವರ್ಷದಿಂದ ಕಡತದಲ್ಲಿ ಬಿದ್ದಿವೆ. ಯಾವ ವಿಭಾಗದಿಂದ ಜನ ಯಾವ ಕಾರಣಕ್ಕೆ ಹೋಗುತ್ತಿದ್ದಾರೆ ಎಂದು ಎರಡು ಪುಟಗಳಲ್ಲಿ ಬರೆದುಕೊಡಲು ಹೇಳಿದ್ದಾರೆ. ಅರ್ಧಕ್ಕಿಂತ ಹೆಚ್ಚು ಟಿಪ್ಪಣಿಗಳಲ್ಲಿ ಕಾರಣದ ಜಾಗದಲ್ಲಿ ‘ಉತ್ತಮ ಅವಕಾಶ’ ಎಂದಷ್ಟೇ ಇದೆ. ಇದರಿಂದ ಏನನ್ನು ತೆಗೆಯಲಿ?

ಉತ್ತರ: ಆ ಎರಡು ಪದಗಳನ್ನು ಕಾರಣಗಳ ಲೆಕ್ಕದಿಂದ ಹೊರಗಿಡುವುದರಿಂದಲೇ ಶುರುಮಾಡಿ. ‘ಉತ್ತಮ ಅವಕಾಶ’ ಎಂಬುದು ಅವರು ಎಲ್ಲಿಗೆ ಹೋದರು ಎಂಬುದನ್ನು ಹೇಳುತ್ತದೆ, ಇಲ್ಲಿಂದ ಏಕೆ ಎದ್ದರು ಎಂಬುದನ್ನಲ್ಲ. ನೆಮ್ಮದಿಯಾಗಿ ಕೆಲಸ ಮಾಡುತ್ತಿದ್ದವರು ಒಂದು ದಿನ ಬೇರೆ ಕೆಲಸ ಹುಡುಕಲು ಕುಳಿತರಲ್ಲ, ಆ ದಿನ ಏನಾಗಿತ್ತು? ಟಿಪ್ಪಣಿಯಲ್ಲಿ ಹುಡುಕಬೇಕಾದದ್ದು ಅದನ್ನು. ಅದು ಸಾಮಾನ್ಯವಾಗಿ ಗುರುತು ಹಾಕುವ ಚೌಕದಲ್ಲಿ ಇರುವುದಿಲ್ಲ. ಕೆಳಗಿನ ನಾಲ್ಕು ಸಾಲುಗಳಲ್ಲಿ, ‘ಅಂದಹಾಗೆ’ ಎಂಬಂತೆ ಬಂದಿರುತ್ತದೆ.

ಲೆಕ್ಕ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಸಂಸ್ಥೆಯನ್ನು ಇಟ್ಟುಕೊಳ್ಳೋಣ. ವರ್ಷದಲ್ಲಿ 52 ಟಿಪ್ಪಣಿಗಳು. ಅದರಲ್ಲಿ ನಿವೃತ್ತರಾದವರು, ಗುತ್ತಿಗೆ ಮುಗಿದವರು, ಸಂಸ್ಥೆಯೇ ಕಳುಹಿಸಿದವರು ಸೇರಿ 6 ಮಂದಿ. ಇವರನ್ನು ಮೊದಲೇ ಬದಿಗಿಡಿ. ಉಳಿದ 46 ಮಂದಿ ತಾವಾಗಿ ಬಿಟ್ಟವರು: ಮಾರಾಟದಿಂದ 18, ಗ್ರಾಹಕ ಸೇವೆಯಿಂದ 16, ಸಾಫ್ಟ್‌ವೇರ್‌ನಿಂದ 9, ಲೆಕ್ಕಪತ್ರದಿಂದ 3.

ಇಲ್ಲೇ ಮೊದಲ ಎಡವಟ್ಟು ಕಾದಿದೆ. ಹೆಚ್ಚು ಜನ ಬಿಟ್ಟದ್ದು ಮಾರಾಟ ವಿಭಾಗ ಎಂದು ಬರೆದುಬಿಡಲು ಕೈ ತವಕಿಸುತ್ತದೆ. ಆದರೆ ಪ್ರತಿ ತಿಂಗಳ ಕೊನೆಯ ಸಿಬ್ಬಂದಿ ಸಂಖ್ಯೆಯನ್ನು ಕೂಡಿ ಹನ್ನೆರಡರಿಂದ ಭಾಗಿಸಿದರೆ ಮಾರಾಟದಲ್ಲಿ ಸರಾಸರಿ 60 ಜನ, ಗ್ರಾಹಕ ಸೇವೆಯಲ್ಲಿ 40, ಸಾಫ್ಟ್‌ವೇರ್‌ನಲ್ಲಿ 90 ಇದ್ದರು ಎಂದುಕೊಳ್ಳಿ. ಆಗ ಮಾರಾಟದಲ್ಲಿ ನೂರಕ್ಕೆ 30, ಗ್ರಾಹಕ ಸೇವೆಯಲ್ಲಿ ನೂರಕ್ಕೆ 40, ಸಾಫ್ಟ್‌ವೇರ್‌ನಲ್ಲಿ ನೂರಕ್ಕೆ 10. ಬೆಂಕಿ ಇರುವುದು ಗ್ರಾಹಕ ಸೇವೆಯಲ್ಲಿ.

ಇನ್ನು ಓದುವ ಕೆಲಸ. ಕಾರಣಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡು ಕುಳಿತುಕೊಳ್ಳಬೇಡಿ. ಪಟ್ಟಿ ಕೈಯಲ್ಲಿದ್ದರೆ ಕಣ್ಣು ಅದರಲ್ಲಿರುವುದನ್ನಷ್ಟೇ ಕಾಣುತ್ತದೆ. ಎಲ್ಲ ವಿಭಾಗಗಳಿಂದ ಹದಿನೈದು ಟಿಪ್ಪಣಿಗಳನ್ನು ಆರಿಸಿ, ಸುಮ್ಮನೆ ಓದಿ, ಅವರದೇ ಮಾತುಗಳನ್ನು ಅಂಚಿನಲ್ಲಿ ಬರೆಯಿರಿ. ಆ ಮಾತುಗಳನ್ನು ಗುಂಪು ಮಾಡಿದರೆ ಎಂಟು ಹತ್ತು ಕಾರಣಗಳು ತಾವೇ ಮೂಡುತ್ತವೆ: ಪಾಳಿ, ಸಂಬಳ, ಮೇಲಧಿಕಾರಿ, ಬಡ್ತಿ ಹೀಗೆ. ಒಂದೊಂದರ ಮುಂದೆಯೂ ಅದರಲ್ಲಿ ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಒಂದು ಸಾಲು ಬರೆದಿಡಿ. ‘ಮೇಲಧಿಕಾರಿ ರಜೆ ಕೊಡಲಿಲ್ಲ’ ಎಂಬುದು ಮೇಲಧಿಕಾರಿಯ ಲೆಕ್ಕಕ್ಕೋ ರಜೆಯ ಲೆಕ್ಕಕ್ಕೋ? ಉತ್ತರ ಯಾವುದಾದರೂ ಆಗಲಿ, ಮಾರ್ಚ್‌ನ ಟಿಪ್ಪಣಿಗೂ ನವೆಂಬರಿನದಕ್ಕೂ ಒಂದೇ ಆಗಿರಬೇಕು. ಇದನ್ನು ಪರೀಕ್ಷಿಸಲು ಸಹೋದ್ಯೋಗಿಯೊಬ್ಬರಿಗೆ ಹತ್ತು ಟಿಪ್ಪಣಿಗಳನ್ನು ಕೊಟ್ಟು, ನಿಮ್ಮ ಗುರುತುಗಳನ್ನು ತೋರಿಸದೆ ಅವರಿಂದಲೂ ಗುರುತು ಹಾಕಿಸಿ. ಇಬ್ಬರೂ ಬೇರೆಯಾದ ಕಡೆ ತಪ್ಪು ನಿಮ್ಮಿಬ್ಬರದ್ದಲ್ಲ, ಆ ಒಂದು ಸಾಲಿನ ವಿವರಣೆಯದ್ದು. ಅದನ್ನು ತಿದ್ದಿ ಮುಂದುವರಿಯಿರಿ.

ಸ್ಪ್ರೆಡ್‌ಶೀಟಿನಲ್ಲಿ ಒಬ್ಬ ವ್ಯಕ್ತಿಯ ಒಂದು ಕಾರಣಕ್ಕೆ ಒಂದು ಸಾಲು. ಅದೇ ವ್ಯಕ್ತಿ ಸಂಬಳದ ಮಾತನ್ನು ಐದು ಸಲ ಎತ್ತಿದ್ದರೂ ಸಾಲು ಒಂದೇ; ಇಲ್ಲವಾದರೆ ಹೆಚ್ಚು ಮಾತನಾಡುವವರು ನಿಮ್ಮ ವರದಿಯನ್ನು ಬರೆದುಬಿಡುತ್ತಾರೆ. ಹೆಸರಿನ ಬದಲು ಕ್ರಮಸಂಖ್ಯೆ, ನಂತರ ವಿಭಾಗ, ಬಿಟ್ಟ ತಿಂಗಳು, ಸಂದರ್ಶನ ಮಾಡಿದವರು, ಕಾರಣ, ಆ ಕಾರಣದ ಸ್ಥಾನ, ಅವರ ಮಾತು. ಸ್ಥಾನ ಎಂದರೆ ಎರಡೇ: ಹುಡುಕಾಟ ಶುರುವಾದದ್ದು ಇದರಿಂದ ಎಂದಾದರೆ ‘ಆರಂಭ’, ಉಳಿದದ್ದೆಲ್ಲ ‘ಜೊತೆ’. ಒಬ್ಬರಿಗೆ ಒಂದೇ ‘ಆರಂಭ’. ಆಮೇಲೆ ಎಣಿಕೆಗೆ ಇಷ್ಟು ಸಾಕು:

```
=COUNTIFS(B:B,"ಗ್ರಾಹಕ ಸೇವೆ",E:E,"ಪಾಳಿ",F:F,"ಆರಂಭ")
```

ನಮ್ಮ ಉದಾಹರಣೆಯ ಗ್ರಾಹಕ ಸೇವೆಯನ್ನು ಹೀಗೆ ಬಿಡಿಸಿ ನೋಡೋಣ. 16 ಮಂದಿಯಲ್ಲಿ 12 ಮಂದಿ ಸಂಬಳದ ಮಾತೆತ್ತಿದ್ದರು, 11 ಮಂದಿ ಪಾಳಿಯ ಮಾತು. ಇಷ್ಟರಿಂದ ಸಂಬಳವೇ ದೊಡ್ಡ ಕಾರಣ ಎನಿಸುತ್ತದೆ. ‘ಆರಂಭ’ವನ್ನು ಮಾತ್ರ ಎಣಿಸಿದರೆ ಪಾಳಿ 9, ಸಂಬಳ 4, ಇತರೆ 3. ಹೆಚ್ಚಿನವರಿಗೆ ಸಂಬಳವು ಹೊಸ ಕೆಲಸ ಸಿಕ್ಕ ಮೇಲೆ ಕಂಡ ವ್ಯತ್ಯಾಸವಾಗಿತ್ತು, ಹುಡುಕಾಟಕ್ಕೆ ಹಚ್ಚಿದ ಕಿಡಿಯಾಗಿರಲಿಲ್ಲ. ಬಿಟ್ಟ ತಿಂಗಳುಗಳನ್ನು ಸಾಲಾಗಿ ಇಟ್ಟಾಗ ಇನ್ನೊಂದು ಸಂಗತಿ ಹೊರಬಿತ್ತು: ಆ 9 ಮಂದಿಯಲ್ಲಿ 7 ಮಂದಿ ಹೋದದ್ದು ಜುಲೈ ನಂತರ. ಎರಡು ವಾರ ಮೊದಲೇ ಹಾಕುತ್ತಿದ್ದ ಪಾಳಿಯ ಪಟ್ಟಿಯನ್ನು ಎರಡು ದಿನ ಮೊದಲು ಹಾಕಲು ಶುರುಮಾಡಿದ್ದು ಆ ಜುಲೈನಲ್ಲಿಯೇ. ತಿಂಗಳ ಅಂಕಣ ಇರದಿದ್ದರೆ ‘ಪಾಳಿ ಕಷ್ಟ’ ಎಂಬ ಹಳಸಲು ವಾಕ್ಯವಷ್ಟೇ ಉಳಿಯುತ್ತಿತ್ತು.

ಸಂದರ್ಶಕರ ಅಂಕಣ ಏಕೆ ಎಂದು ಕೇಳಬಹುದು. ಮಾರಾಟ ವಿಭಾಗದ 18ರಲ್ಲಿ 4 ಮಂದಿಗೆ ‘ಆರಂಭ’ ಮೇಲಧಿಕಾರಿ. ನೂರಕ್ಕೆ 22, ದೊಡ್ಡದೇನಲ್ಲ ಎನ್ನಿಸುತ್ತದೆ. ಆದರೆ 10 ಮಂದಿಯ ಸಂದರ್ಶನವನ್ನು ಆ ವಿಭಾಗದ ಮುಖ್ಯಸ್ಥರೇ ಮಾಡಿದ್ದರು, 8 ಮಂದಿಯದನ್ನು ಮಾನವ ಸಂಪನ್ಮೂಲ ವಿಭಾಗದವರು. ನಾಲ್ಕೂ ದೂರುಗಳು ಬಂದದ್ದು ಆ ಎಂಟರಿಂದ. ಹತ್ತರಿಂದ ಒಂದೂ ಇಲ್ಲ. ತನ್ನ ವಿರುದ್ಧದ ದೂರನ್ನು ತಾನೇ ಬರೆದುಕೊಳ್ಳುವವರು ಅಪರೂಪ; ಮುಂದೆ ಶಿಫಾರಸು ಪತ್ರ ಬೇಕಾಗುವವರು ಎದುರಿಗೇ ಅದನ್ನು ಹೇಳುವುದು ಇನ್ನೂ ಅಪರೂಪ. ಹಾಗೆಂದು ಉಳಿದ ಹತ್ತರಲ್ಲೂ ಅರ್ಧ ಮಂದಿಗೆ ಇದೇ ಕಾರಣ ಎಂದು ಊಹಿಸಬೇಡಿ. ಎರಡು ಗುಂಪುಗಳ ಸಂಖ್ಯೆಯನ್ನು ಬೇರೆ ಬೇರೆಯಾಗಿಯೇ ಬರೆಯಿರಿ, ಓದುವವರಿಗೆ ಅರ್ಥವಾಗುತ್ತದೆ.

ಸಾಫ್ಟ್‌ವೇರ್ ವಿಭಾಗದ 9ರಲ್ಲಿ 5 ಮಂದಿ ಬಡ್ತಿಯ ಮಾತು ಹೇಳಿದ್ದರು, ಉಳಿದವು ಚದುರಿದ್ದವು. ವರದಿಯಲ್ಲಿ ಇದಕ್ಕೆ ಒಂದು ಸಾಲು ಸಾಕು.

ಈ ಟಿಪ್ಪಣಿಗಳೆಲ್ಲ ಹೋದವರ ಮಾತು ಎಂಬುದನ್ನು ನಾನು ಮೊದಲ ಸಲ ಇಂಥ ಸಾರಾಂಶ ಬರೆದಾಗ ಮರೆತಿದ್ದೆ. ಉಳಿದವರೂ ಅದೇ ಪಾಳಿಯನ್ನು ಬೈಯುತ್ತಿರಬಹುದು, ಬೈಯುತ್ತಲೇ ಉಳಿದಿರಬಹುದು. ಆದ್ದರಿಂದ ‘ಪಾಳಿಯಿಂದಾಗಿ ಹೋದರು’ ಎನ್ನುವುದಕ್ಕಿಂತ ‘ಹೋದ 16 ಮಂದಿಯಲ್ಲಿ 9 ಮಂದಿ ಹುಡುಕಾಟದ ಆರಂಭವಾಗಿ ಪಾಳಿಯನ್ನು ಹೇಳಿದರು, 7 ಮಂದಿ ಹೋದದ್ದು ಪಟ್ಟಿಯ ಪದ್ಧತಿ ಬದಲಾದ ಮೇಲೆ’ ಎನ್ನುವುದು ಸರಿ. ಗ್ರಾಹಕ ಸೇವೆಯಲ್ಲಿ ಈಗಲೂ ಇರುವ ಆರೇಳು ಮಂದಿಯನ್ನು ಪಾಳಿಯ ಬಗ್ಗೆ ಕೇಳಿ ನೋಡಿದರೆ ಆ ವಾಕ್ಯಕ್ಕೆ ಎಷ್ಟು ಬಲವಿದೆ ಎಂದು ತಿಳಿಯುತ್ತದೆ.

ಉಳಿದದ್ದು ಲೆಕ್ಕಪತ್ರ ವಿಭಾಗದ ಮೂವರು. ಅವರ ಕಾರಣಗಳನ್ನು ವಿಭಾಗವಾರು ಪಟ್ಟಿಯಲ್ಲಿ ಹಾಕಬೇಡಿ. ಮೂವರಲ್ಲಿ ಯಾರು ಏನು ಹೇಳಿದರು ಎಂದು ಆ ಕೋಣೆಯಲ್ಲಿ ಕುಳಿತಿರುವ ಎಲ್ಲರೂ ಅರ್ಧ ನಿಮಿಷದಲ್ಲಿ ಊಹಿಸುತ್ತಾರೆ. ಐದಕ್ಕಿಂತ ಕಡಿಮೆ ಜನರಿದ್ದರೆ ಎಲ್ಲ ವಿಭಾಗಗಳ ಒಟ್ಟು ಮೊತ್ತದಲ್ಲಿ ಮಾತ್ರ ಸೇರಿಸಿ, ಅವರ ಮಾತುಗಳನ್ನು ಉದ್ಧರಿಸದೆ ಬಿಡಿ. ದೊಡ್ಡ ವಿಭಾಗಗಳಿಂದ ಉದ್ಧರಿಸುವಾಗಲೂ ‘ನನ್ನ ಹೆರಿಗೆ ರಜೆ ಮುಗಿದ ವಾರ’ ಎಂಬಂಥ, ಆಡಿದವರನ್ನು ಕೈಮಾಡಿ ತೋರಿಸುವ ತುಣುಕುಗಳನ್ನು ತೆಗೆದುಹಾಕಿ.