ಒಂದೇ ತಂಡದ ಮೇಲೆ ಎರಡು ಬೆಟ್: ಎರಡನೆಯದಕ್ಕೆ ಎಷ್ಟು ಹಾಕಬೇಕು?

ಓದುಗರ ಪ್ರಶ್ನೆ: ಪ್ರತಿ ಬೆಟ್‌ಗೂ ಕೆಲ್ಲಿ ಸೂತ್ರದ ಪ್ರಕಾರ ಸ್ಟೇಕ್ ಲೆಕ್ಕ ಹಾಕುತ್ತೇನೆ. ಕೆಲವು ಸಲ ಒಂದೇ ಪಂದ್ಯದಲ್ಲಿ, ಒಂದೇ ತಂಡದ ಮೇಲೆ, ಎರಡು ಮಾರ್ಕೆಟ್‌ಗಳಲ್ಲಿ ಒಳ್ಳೆಯ ಆಡ್ಸ್ ಸಿಗುತ್ತದೆ. ಎರಡಕ್ಕೂ ಪೂರ್ತಿ ಸ್ಟೇಕ್ ಹಾಕಬಹುದೇ? ಇಲ್ಲಾ ಎರಡನ್ನೂ ಅರ್ಧರ್ಧ ಮಾಡಬೇಕೇ?

ಉತ್ತರ: ಎರಡೂ ಅಲ್ಲ. ಎಷ್ಟೋ ಸಲ ಸರಿಯಾದ ಉತ್ತರ, ಮೊದಲನೆಯದಕ್ಕೆ ಪೂರ್ತಿ, ಎರಡನೆಯದಕ್ಕೆ ಸೊನ್ನೆ. ಎರಡನೆಯದು ಒಂಟಿಯಾಗಿ ನೋಡಿದರೆ ಲಾಭದ ಬೆಟ್ ಆಗಿದ್ದರೂ ಹೀಗಾಗುತ್ತದೆ. ವಿಚಿತ್ರ ಅನಿಸುತ್ತದೆ, ಅಲ್ವಾ? ಒಂದು ಲೆಕ್ಕ ಮಾಡಿ ನೋಡೋಣ.

ನಿಮ್ಮ ಬ್ಯಾಂಕ್‌ರೋಲ್ 1000 ಯೂನಿಟ್ ಅಂದುಕೊಳ್ಳಿ. ಒಂದು ಫುಟ್‌ಬಾಲ್ ಪಂದ್ಯ. ತಂಡ ಗೆಲ್ಲುತ್ತದೆ ಅನ್ನುವುದಕ್ಕೆ ಆಡ್ಸ್ 2.00. ಗೆಲ್ಲುವ ಸಾಧ್ಯತೆ 55% ಅಂತ ನಿಮ್ಮ ಅಂದಾಜು. ಕೆಲ್ಲಿ ಲೆಕ್ಕ ಸುಲಭ: ಒಂದು ಯೂನಿಟ್‌ಗೆ ಸಿಗುವ ಸರಾಸರಿ ಲಾಭವನ್ನು, ಆಡ್ಸ್‌ನಲ್ಲಿ ಒಂದು ಕಳೆದು ಉಳಿದದ್ದರಿಂದ ಭಾಗಿಸಬೇಕು. ಇಲ್ಲಿ ಸರಾಸರಿ ಲಾಭ 0.10. ಭಾಗಿಸುವ ಸಂಖ್ಯೆ 1. ಹಾಗಾಗಿ ಸ್ಟೇಕ್ 10%, ಅಂದರೆ 100 ಯೂನಿಟ್.

ಅದೇ ತಂಡ ಎರಡು ಅಥವಾ ಹೆಚ್ಚು ಗೋಲುಗಳಿಂದ ಗೆಲ್ಲುತ್ತದೆ ಅನ್ನುವ ಹ್ಯಾಂಡಿಕ್ಯಾಪ್ ಬೆಟ್‌ಗೆ ಆಡ್ಸ್ 3.50. ಅದರ ಸಾಧ್ಯತೆ 31% ಅಂತ ನಿಮ್ಮ ಲೆಕ್ಕ. 3.50ನ್ನು 0.31ರಿಂದ ಗುಣಿಸಿದರೆ 1.085. ಅಂದರೆ ಯೂನಿಟ್‌ಗೆ 8.5% ಲಾಭ. ಕೆಲ್ಲಿ ಪ್ರಕಾರ 3.4%, ಅಂದರೆ 34 ಯೂನಿಟ್.

ಬಹಳ ಜನ ಇಲ್ಲಿ ಸುಮ್ನೆ 134 ಯೂನಿಟ್ ಹಾಕಿಬಿಡುತ್ತಾರೆ. ಆದರೆ ಬೆಲ್ ಲ್ಯಾಬ್ಸ್‌ನ ಜೆ. ಎಲ್. ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರ ಒಂದೊಂದು ಬೆಟ್‌ನ ಲಾಭವನ್ನು ಬೇರೆ ಬೇರೆಯಾಗಿ ಹಿಗ್ಗಿಸಲು ಹುಟ್ಟಿದ್ದಲ್ಲ. ಇಡೀ ಬ್ಯಾಂಕ್‌ರೋಲ್ ದೀರ್ಘಕಾಲದಲ್ಲಿ ಬೆಳೆಯುವ ವೇಗ ಗರಿಷ್ಠವಾಗಬೇಕು ಅನ್ನುವುದು ಅದರ ಗುರಿ. ಒಂದೇ ಸಲ ಎರಡು ಬೆಟ್ ತೆರೆದಿದ್ದರೆ ನೋಡಬೇಕಾದದ್ದು ಬೆಟ್‌ಗಳನ್ನಲ್ಲ. ಪಂದ್ಯ ಮುಗಿದಾಗ ಕೈಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದನ್ನು.

ಈ ಪಂದ್ಯಕ್ಕೆ ಮೂರೇ ಕೊನೆಗಳು. ದೊಡ್ಡ ಗೆಲುವು, 31%. ಒಂದೇ ಗೋಲಿನ ಗೆಲುವು, 24%. ಗೆಲ್ಲದೇ ಇರುವುದು, ಡ್ರಾ ಆಗಲಿ ಸೋಲಾಗಲಿ, 45%. ನೀವು 100 ಮತ್ತು 34 ಹಾಕಿದ್ದರೆ ದೊಡ್ಡ ಗೆಲುವಿನಲ್ಲಿ 1185 ಇರುತ್ತದೆ. ಸಣ್ಣ ಗೆಲುವಿನಲ್ಲಿ 1066. ಗೆಲ್ಲದಿದ್ದರೆ 866. ಬೆಳವಣಿಗೆಯ ಸರಾಸರಿಯನ್ನು ಲಾಗರಿದಮ್ ಲೆಕ್ಕದಲ್ಲಿ ತೆಗೆದರೆ ಪ್ರತಿ ಪಂದ್ಯಕ್ಕೆ ಸುಮಾರು 0.32%. ಬರೀ ಗೆಲುವಿನ ಮೇಲೆ 100 ಹಾಕಿ ಸುಮ್ಮನಿದ್ದಿದ್ದರೆ? ಸುಮಾರು 0.50%. ಲಾಭದ ಬೆಟ್ ಒಂದನ್ನು ಸೇರಿಸಿಕೊಂಡು ಬೆಳವಣಿಗೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಂಡಿರಿ.

ಕಾರಣ ಇಷ್ಟೇ. ಮೊದಲ ಬೆಟ್ ಹಾಕಿದ ಮೇಲೆ ತಂಡ ಗೆದ್ದರೆ ನಿಮ್ಮ ಹತ್ತಿರ 1100 ಇರುತ್ತದೆ, ಗೆಲ್ಲದಿದ್ದರೆ 900. 900 ಇದ್ದಾಗ ಕಳೆದುಹೋಗುವ ಒಂದು ಯೂನಿಟ್, 1100 ಇದ್ದಾಗ ಬರುವ ಒಂದು ಯೂನಿಟ್‌ಗಿಂತ ತೂಕದ್ದು. ಈ ತೂಕವನ್ನು ಸಾಧ್ಯತೆಯೊಳಗೇ ಸೇರಿಸಿಬಿಡಬಹುದು. 55ನ್ನು 1.1ರಿಂದ ಭಾಗಿಸಿ, 50. 45ನ್ನು 0.9ರಿಂದ ಭಾಗಿಸಿ, ಅದೂ 50. ಅಂದರೆ ಪೂರ್ತಿ ಕೆಲ್ಲಿ ಸ್ಟೇಕ್ ಹಾಕಿದ ಕ್ಷಣದಿಂದ ನಿಮ್ಮ ಹಣದ ಕಣ್ಣಿಗೆ ತಂಡದ ಗೆಲುವು 55% ಅಲ್ಲ, 50%. ಬುಕ್ಕಿಯ 2.00 ಆಡ್ಸ್ ಹೇಳುವುದೂ ಅದನ್ನೇ. ಬುಕ್ಕಿಗಿಂತ ನಿಮಗೆ ಜಾಸ್ತಿ ಗೊತ್ತಿದ್ದ ಆ 5% ಮೊದಲ ಬೆಟ್‌ನಲ್ಲೇ ಖರ್ಚಾಗಿಹೋಯಿತು.

ಎರಡನೇ ಬೆಟ್‌ನ ಪರೀಕ್ಷೆ ಇದರಿಂದಲೇ ಸಿಗುತ್ತದೆ, ಕೈಲೆಕ್ಕದಲ್ಲೇ ಮಾಡಬಹುದು. ತಂಡ ಗೆದ್ದರೆ, ಆ ಗೆಲುವು ದೊಡ್ಡದಾಗಿರುವ ಸಾಧ್ಯತೆ ಎಷ್ಟು? 31ನ್ನು 55ರಿಂದ ಭಾಗಿಸಿದರೆ 56.4%. ಅದನ್ನು 50%ರಿಂದ ಗುಣಿಸಿ, 28.2%. ಇದಕ್ಕೆ ಸರಿಹೊಂದುವ ಆಡ್ಸ್ 3.55. ಬುಕ್ಕಿ ಕೊಡುತ್ತಿರುವುದು 3.50. ಕಡಿಮೆ ಇದೆ, ಬಿಟ್ಟುಬಿಡಿ.

ಈ ಪರೀಕ್ಷೆ ನಿಜವಾಗಿ ಕೇಳುವ ಪ್ರಶ್ನೆ ಬೇರೆ: ಎರಡನೇ ಬೆಟ್‌ನಲ್ಲಿ ಹೊಸ ತಿಳಿವಳಿಕೆ ಏನಾದರೂ ಇದೆಯೇ? ಇಲ್ಲಿ ಇಲ್ಲ. ತಂಡವನ್ನು ಬುಕ್ಕಿ ಕಡಿಮೆ ಅಂದಾಜು ಮಾಡಿದ್ದಾನೆ ಅನ್ನುವ ಒಂದೇ ಅಭಿಪ್ರಾಯ ಎರಡು ಕಡೆ ಕಾಣಿಸಿಕೊಂಡಿದೆ. ಆ ಅಭಿಪ್ರಾಯವೇ ತಪ್ಪಾಗಿ, ಗೆಲುವಿನ ಸಾಧ್ಯತೆ ನಿಜಕ್ಕೂ 50% ಆಗಿದ್ದರೆ, ಎರಡೂ ಬೆಟ್‌ಗಳ ಲಾಭ ಒಟ್ಟಿಗೇ ಮಾಯ. ಹ್ಯಾಂಡಿಕ್ಯಾಪ್ ಬೆಟ್ ಅಂತೂ ನಷ್ಟಕ್ಕೇ ಇಳಿಯುತ್ತದೆ. ನನ್ನ ಪ್ರಕಾರ ಒಂದೇ ತಂಡದ ಬೆಟ್‌ಗಳಲ್ಲಿ ನಿಜವಾದ ಅಪಾಯ ಇಲ್ಲಿದೆ. ಫಲಿತಾಂಶಗಳು ಒಂದಕ್ಕೊಂದು ಅಂಟಿಕೊಂಡಿರುವುದು ಎಲ್ಲರಿಗೂ ಕಾಣುತ್ತದೆ. ನಿಮ್ಮ ಅಂದಾಜಿನ ತಪ್ಪುಗಳೂ ಅಂಟಿಕೊಂಡಿರುವುದು ಕಾಣುವುದಿಲ್ಲ.

ಈಗ ಹ್ಯಾಂಡಿಕ್ಯಾಪ್ ಆಡ್ಸ್ 3.50 ಅಲ್ಲ, 4.00 ಅಂದುಕೊಳ್ಳಿ. 3.55ಕ್ಕಿಂತ ಚೆನ್ನಾಗಿ ಮೇಲಿದೆ, ಹಾಗಾಗಿ ಹಾಕಬೇಕು. ಎಷ್ಟು? ಒಂಟಿಯಾಗಿ ಲೆಕ್ಕ ಹಾಕಿದರೆ 80 ಯೂನಿಟ್, ಗೆಲುವಿನ 100 ಸೇರಿ 180. ಮೂರೂ ಕೊನೆಗಳನ್ನು ಒಟ್ಟಿಗೆ ಇಟ್ಟು ಬಿಡಿಸಿದರೆ ಉತ್ತರ ಬೇರೆಯೇ ಬರುತ್ತದೆ: ಗೆಲುವಿನ ಮೇಲೆ ಬರೀ 30, ಹ್ಯಾಂಡಿಕ್ಯಾಪ್ ಮೇಲೆ 70. ಗಮನಿಸಿ, ಒಟ್ಟು ಮತ್ತೆ 100 ಯೂನಿಟ್ಟೇ. ತಂಡ ಗೆಲ್ಲದಿದ್ದರೆ ಕಳೆದುಕೊಳ್ಳುವ ಮೊತ್ತ ಬದಲಾಗಲಿಲ್ಲ. ಅದೇ ಹಣ ಒಳ್ಳೆಯ ಆಡ್ಸ್ ಇರುವ ಕಡೆಗೆ ಸರಿಯಿತು ಅಷ್ಟೆ. ಬೆಳವಣಿಗೆ ಸುಮಾರು 0.95%. 180 ಹಾಕಿದ್ದರೆ 0.62%.

ಇಲ್ಲೊಂದು ತೊಡಕಿದೆ. ಮೊದಲ ಬೆಟ್ ನಿನ್ನೆಯೇ ಹಾಕಿಬಿಟ್ಟಿದ್ದೀರಿ, 4.00 ಇವತ್ತು ಬಂತು. ನಿನ್ನೆಯ 100ನ್ನು 30ಕ್ಕೆ ಇಳಿಸಲು ಆಗುವುದಿಲ್ಲ. ಆಗ ಹ್ಯಾಂಡಿಕ್ಯಾಪ್ ಮೇಲೆ 80 ಅಲ್ಲ, 70ವೂ ಅಲ್ಲ, ಸುಮಾರು 45 ಯೂನಿಟ್ ಸಾಕು. ಬಹಳ ಜನ ಉಳಿದ 900ರ ಮೇಲೆ 8% ಲೆಕ್ಕ ಹಾಕಿ 72 ಹಾಕುತ್ತಾರೆ, ಅದರಲ್ಲೇ ಜಾಗ್ರತೆ ವಹಿಸಿದೆವು ಅಂದುಕೊಳ್ಳುತ್ತಾರೆ. ಬಾಕಿ ಹಣ ಎಷ್ಟು ಅನ್ನುವುದು ಇಲ್ಲಿ ಮುಖ್ಯವಲ್ಲ. ತೆರೆದ ಬೆಟ್ ಯಾವ ಕೊನೆಯಲ್ಲಿ ನಿಮ್ಮನ್ನು ಬಡವಾಗಿಸುತ್ತದೆ, ಹೊಸ ಬೆಟ್ ಅದೇ ಕೊನೆಯಲ್ಲಿ ಮತ್ತೆ ಬಡಿಯುತ್ತದೆಯೇ ಅನ್ನುವುದು ಮುಖ್ಯ.

ಬೆಟ್‌ಗಳು ಒಂದರೊಳಗೊಂದು ಕೂರದಿದ್ದರೆ ಏನು? ಉದಾಹರಣೆಗೆ ತಂಡದ ಗೆಲುವು, ಜೊತೆಗೆ ಪಂದ್ಯದಲ್ಲಿ 2.5ಕ್ಕಿಂತ ಹೆಚ್ಚು ಗೋಲು. ಆಗ ನಾಲ್ಕು ಕೊನೆಗಳು. ತಂಡ ಗೆದ್ದರೆ ಹೆಚ್ಚು ಗೋಲು ಬರುವ ಸಾಧ್ಯತೆ 60%, ಗೆಲ್ಲದಿದ್ದರೆ 44% ಅಂದುಕೊಳ್ಳಿ. ಒಟ್ಟಾರೆ 52.8%. ಮೊದಲ ಬೆಟ್ ಹಾಕಿದ ಮೇಲೆ 55-45ರ ಬದಲು 50-50 ತೂಕ ಕೊಟ್ಟರೆ 52%. ಆಡ್ಸ್ 1.95 ಇದ್ದರೆ ಇನ್ನೂ 1.4% ಲಾಭ ಉಳಿದಿದೆ. ಒಂಟಿಯಾಗಿ 31 ಯೂನಿಟ್ ಹಾಕುವ ಕಡೆ ಸುಮಾರು 15 ಹಾಕಬೇಕು, ಗೆಲುವಿನ ಸ್ಟೇಕ್ 100ರಿಂದ ಒಂದೆರಡು ಯೂನಿಟ್ ಇಳಿಯುತ್ತದೆ. ನಂಟು ಸಡಿಲವಾಗಿದ್ದರೆ ಕಡಿತವೂ ಮೃದು.

ಸರಿಯಾದ ಸಂಖ್ಯೆ ಬೇಕಿದ್ದರೆ ಸ್ಪ್ರೆಡ್‌ಶೀಟ್‌ನಲ್ಲಿ ಹತ್ತು ನಿಮಿಷದ ಕೆಲಸ. ಒಂದು ಸಾಲಿಗೆ ಒಂದು ಕೊನೆ. B ಕಾಲಂನಲ್ಲಿ ಅದರ ಸಾಧ್ಯತೆ. C ಕಾಲಂನಲ್ಲಿ ಆ ಕೊನೆಯಲ್ಲಿ ಬ್ಯಾಂಕ್‌ರೋಲ್ ಎಷ್ಟಾಗುತ್ತದೆ ಅನ್ನುವುದು, ಸ್ಟೇಕ್‌ಗಳ ಸೆಲ್‌ಗಳಿಂದ ಲೆಕ್ಕವಾಗಿ ಬರುವಂತೆ. ನಾಲ್ಕು ಕೊನೆಗಳಿದ್ದರೆ:

```
=SUMPRODUCT(B2:B5,LN(C2:C5))
```

ಈ ಸಂಖ್ಯೆ ಗರಿಷ್ಠವಾಗುವಂತೆ ಸ್ಟೇಕ್‌ಗಳನ್ನು ಹುಡುಕುವ ಕೆಲಸ ಸ್ಪ್ರೆಡ್‌ಶೀಟ್‌ನ ಸಾಲ್ವರ್‌ಗೆ ಬಿಡಿ. ಸ್ಟೇಕ್ ಸೊನ್ನೆಗಿಂತ ಕೆಳಗೆ ಹೋಗಬಾರದು ಅನ್ನುವ ಷರತ್ತು ಮರೆಯಬೇಡಿ. ಈಗಾಗಲೇ ಹಾಕಿದ ಬೆಟ್‌ನ ಸೆಲ್‌ ಮುಟ್ಟಲು ಬಿಡಬೇಡಿ. ಅರ್ಧ ಕೆಲ್ಲಿ ಆಡುವವರು ಒಟ್ಟು ಲೆಕ್ಕದ ಉತ್ತರವನ್ನು ಅರ್ಧ ಮಾಡಬೇಕು. ಒಂಟಿ ಸ್ಟೇಕ್‌ಗಳನ್ನು ಅರ್ಧ ಮಾಡಿ ಕೂಡಿಸಿದರೆ ಹಳೆಯ ತಪ್ಪೇ ಚಿಕ್ಕದಾಗಿ ಉಳಿಯುತ್ತದೆ. ಮೊದಲ ಉದಾಹರಣೆಯಲ್ಲಿ ಸರಿಯಾದದ್ದು 50 ಮತ್ತು 0, 50 ಮತ್ತು 17 ಅಲ್ಲ.

ಸೀಸನ್ ಉದ್ದಕ್ಕೂ ತೆರೆದಿರುವ ಬೆಟ್‌ಗಳಿಗೆ ಇಷ್ಟು ಸ್ವಚ್ಛವಾದ ಸಾಧ್ಯತೆಗಳು ಸಿಗುವುದಿಲ್ಲ. ತಂಡ ಲೀಗ್ ಗೆಲ್ಲುತ್ತದೆ ಅಂತ ಒಂದು ಬೆಟ್, ಮೊದಲ ನಾಲ್ಕರಲ್ಲಿ ಬರುತ್ತದೆ ಅಂತ ಇನ್ನೊಂದು, ಜೊತೆಗೆ ವಾರ ವಾರದ ಪಂದ್ಯಗಳು. ಇಲ್ಲಿ ನಾನಾದರೆ ಎಲ್ಲವನ್ನೂ ಒಂದೇ ಬೆಟ್ ಅಂತ ಎಣಿಸುತ್ತೇನೆ. ತಂಡದ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಸುಳ್ಳಾದರೆ ಒಟ್ಟು ಎಷ್ಟು ಹೋಗುತ್ತದೆ ಅಂತ ಕೂಡಿಸಿ, ಅದಕ್ಕೊಂದು ಮಿತಿ ಹಾಕುತ್ತೇನೆ. ಆ ಮಿತಿ, ಅವುಗಳಲ್ಲಿ ಅತಿ ದೊಡ್ಡ ಒಂಟಿ ಸ್ಟೇಕ್‌ನ ಆಸುಪಾಸಿನಲ್ಲಿದ್ದರೆ ಸಾಕು. ಒರಟು ನಿಯಮವೇ, ಆದರೆ ಮೇಲೆ ಎರಡು ಸ್ಟೇಕ್‌ಗಳನ್ನೂ ಒಟ್ಟಿಗೇ ಆರಿಸಿದ ಎರಡೂ ಹ್ಯಾಂಡಿಕ್ಯಾಪ್ ಲೆಕ್ಕಗಳಲ್ಲಿ ಒಟ್ಟು 100ರಲ್ಲೇ ನಿಂತಿತು ನೋಡಿ.

ಇದೇ ತೂಕ ಉಲ್ಟಾ ದಿಕ್ಕಿನಲ್ಲೂ ಕೆಲಸ ಮಾಡುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಗೆಲುವಿನ ಮೇಲೆ 100 ಹಾಕಿದ್ದೀರಿ. ಡ್ರಾ ಆಗುವ ಸಾಧ್ಯತೆ 25%, ಆಡ್ಸ್ 3.90. ಒಂಟಿಯಾಗಿ ನೋಡಿದರೆ ಇದು 2.5% ನಷ್ಟದ ಬೆಟ್. ಆದರೆ ಡ್ರಾ ಆದಾಗ ನಿಮ್ಮ ಕೈಯಲ್ಲಿರುವುದು 900. 25ನ್ನು 0.9ರಿಂದ ಭಾಗಿಸಿದರೆ 27.8%. 3.90ರಿಂದ ಗುಣಿಸಿದರೆ 1.08. ಗೆಲುವಿನ ಬೆಟ್ ತೆರೆದಿರುವವರೆಗೆ ಡ್ರಾ ಮೇಲೆ ಸ್ವಲ್ಪ ಹಾಕುವುದು ಲೆಕ್ಕಕ್ಕೆ ಸರಿಬರುತ್ತದೆ. ಗೆಲುವಿನ ಸ್ಟೇಕ್ ಪೂರ್ತಿ ಕೆಲ್ಲಿಗಿಂತ ಚಿಕ್ಕದಾದಷ್ಟೂ ಈ ಅವಕಾಶವೂ ಚಿಕ್ಕದಾಗುತ್ತದೆ. 50 ಮಾತ್ರ ಹಾಕಿದ್ದರೆ ಅದೇ 8% ಸುಮಾರು 3%ಕ್ಕೆ ಇಳಿಯುತ್ತದೆ.