ಹುಟ್ಟುವಳಿ ಇಲ್ಲದ ಆಸ್ತಿಗೆ ಬೆಲೆ ಕಟ್ಟುವ ಪಾಡು

ಶಿರಸಿ ಕಡೆ ಅಡಿಕೆ ತೋಟ ಮಾರಾಟಕ್ಕೆ ಬಂದರೆ ಮಾತು ಶುರುವಾಗುವುದು ಹುಟ್ಟುವಳಿಯಿಂದ. ಎಕರೆಗೆ ಎಂಟು ಕ್ವಿಂಟಲ್ ಚಾಲಿ, ಕ್ವಿಂಟಲಿಗೆ 40,000 ರೂಪಾಯಿ ಎಂದು ಹಿಡಿಯೋಣ. ಆಗ ವರ್ಷಕ್ಕೆ 3.2 ಲಕ್ಷ. ಕೊನೆಕೊಯ್ಲು, ಸುಲಿತ, ಗೊಬ್ಬರ, ಬೋರ್ಡೋ ಸಿಂಪಡಣೆ ಎಲ್ಲ ಸೇರಿ 1.4 ಲಕ್ಷ ಖರ್ಚು ಹೋದರೆ ಕೈಗುಳಿಯುವುದು 1.8 ಲಕ್ಷ. ಹಾಕಿದ ದುಡ್ಡಿಗೆ ವರ್ಷಕ್ಕೆ ಶೇ. 9 ಬರಬೇಕು ಎನ್ನುವವನು 20 ಲಕ್ಷದವರೆಗೆ ಕೊಡಬಹುದು. ಮೂರು ವರ್ಷಕ್ಕೊಮ್ಮೆ ಕೊಳೆ ರೋಗ ಬಂದು ಅರ್ಧ ಫಸಲು ಉದುರುವ ಜಾಗವಾದರೆ ಸರಾಸರಿ ಉಳಿಕೆ 1.27 ಲಕ್ಷಕ್ಕೆ ಇಳಿಯುತ್ತದೆ, ತೋಟದ ಬೆಲೆ 14 ಲಕ್ಷಕ್ಕೆ. ಕೊಡುವವ, ಕೊಳ್ಳುವವ ಇಬ್ಬರೂ ಜಗಳವಾಡಬಹುದು, ಆದರೆ ಜಗಳಕ್ಕೆ ಒಂದು ವಿಷಯವಿದೆ: ಕೊಳೆ ಎಷ್ಟು ಸಲ ಬರುತ್ತದೆ, ಕೂಲಿ ಎಷ್ಟು ಏರುತ್ತದೆ.

ಷೇರು, ಬಾಂಡ್, ಬಾಡಿಗೆ ಮನೆ ಎಲ್ಲದಕ್ಕೂ ಇದೇ ಲೆಕ್ಕ. ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ಈ ಪದ್ಧತಿಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಬರ್ ವಿಲಿಯಮ್ಸ್ 1938ರಲ್ಲಿ ಕ್ರಮವಾಗಿ ವಿವರಿಸಿದ. ಅಲ್ಲಿಂದ ಎಂಟು ದಶಕ ಹೂಡಿಕೆ ಲೋಕ ಅದರ ಮೇಲೆಯೇ ನಡೆದಿದೆ. 2009ರ ಜನವರಿಯಲ್ಲಿ ಶುರುವಾದ ಬಿಟ್‌ಕಾಯಿನ್ ಎಂಬ ಕ್ರಿಪ್ಟೋ ನಾಣ್ಯ ಈ ಲೆಕ್ಕಕ್ಕೆ ಸಿಗಲಿಲ್ಲ. ಅದು ಡಿವಿಡೆಂಡ್ ಕೊಡುವುದಿಲ್ಲ, ಬಡ್ಡಿ ಕೊಡುವುದಿಲ್ಲ, ಬಾಡಿಗೆಯೂ ಇಲ್ಲ. ಹತ್ತು ವರ್ಷ ಇಟ್ಟುಕೊಂಡರೂ ಒಂದು ಕಾಯಿನ್ ಒಂದೇ ಕಾಯಿನ್. ಸೊನ್ನೆಯನ್ನು ಯಾವ ದರದಿಂದ ಭಾಗಿಸಿದರೂ ಸೊನ್ನೆಯೇ. ಹಾಗಾಗಿ ಒಂದು ಪಾಳಯ ಅದರ ಮೌಲ್ಯವೇ ಸೊನ್ನೆ ಎಂದಿತು. ಚಿನ್ನಕ್ಕೂ ಹುಟ್ಟುವಳಿ ಇಲ್ಲವಲ್ಲ ಎಂದು ಇನ್ನೊಂದು ಪಾಳಯ ಕೇಳಿತು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಚಿನ್ನದ ಬೆಲೆಯನ್ನೂ ಯಾರೂ ಸೂತ್ರದಿಂದ ಕಟ್ಟಿಲ್ಲ ಎಂಬುದು ಆ ಪ್ರಶ್ನೆಯೊಳಗೇ ಇದೆ.

ಹುಟ್ಟುವಳಿ ಇಲ್ಲದಿದ್ದರೆ ಬೇರೆ ಏನನ್ನಾದರೂ ಹಿಡಿಯಬೇಕು. ಮೊದಲು ಕೈಗೆ ಸಿಕ್ಕಿದ್ದು ತಯಾರಿಕಾ ಖರ್ಚು: ಒಂದು ಕಾಯಿನ್ ಮೈನಿಂಗ್ ಮಾಡಲು, ಅಂದರೆ ಕಂಪ್ಯೂಟರ್ ಲೆಕ್ಕದಿಂದ ಹೊಸದಾಗಿ ಹುಟ್ಟಿಸಲು, ಇಷ್ಟು ವಿದ್ಯುತ್ ಬೇಕು, ಅದಕ್ಕಿಂತ ಕೆಳಗೆ ಬೆಲೆ ಇಳಿಯಲಾರದು ಎಂಬ ವಾದ. ಇದು ತಲೆಕೆಳಗು. ಎಷ್ಟು ಯಂತ್ರ ಓಡಿದರೂ ಬಿಟ್‌ಕಾಯಿನ್ ಜಾಲದಲ್ಲಿ ಸುಮಾರು ಹತ್ತು ನಿಮಿಷಕ್ಕೊಂದೇ ಬ್ಲಾಕ್, ಅಂದರೆ ವ್ಯವಹಾರಗಳ ಒಂದು ಕಟ್ಟು; ಹೊಸ ಕಾಯಿನ್ ಹುಟ್ಟುವುದು ಅದರ ಜೊತೆಗೇ. 2,016 ಬ್ಲಾಕಿಗೊಮ್ಮೆ, ಅಂದರೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ, ಮೈನಿಂಗಿನ ಕಷ್ಟದ ಮಟ್ಟವನ್ನು ಜಾಲವೇ ಹೊಂದಿಸಿಕೊಳ್ಳುತ್ತದೆ. ಬೆಲೆ ಏರಿದರೆ ಯಂತ್ರಗಳು ಹೆಚ್ಚುತ್ತವೆ, ಆಮೇಲೆ ಖರ್ಚು ಏರುತ್ತದೆ. 2021ರಲ್ಲಿ ಚೀನಾ ಮೈನಿಂಗ್ ನಿಲ್ಲಿಸಿದಾಗ ಯಂತ್ರಶಕ್ತಿ ಅರ್ಧದಷ್ಟು ಕುಸಿದು, ಜುಲೈ 3ರಂದು ಕಷ್ಟದ ಮಟ್ಟ ಒಂದೇ ಏಟಿಗೆ ಸುಮಾರು ಶೇ. 28 ಇಳಿಯಿತು. ಮೈನಿಂಗಿನಲ್ಲಿ ಉಳಿದವರಿಗೆ ಕಡಿಮೆ ಖರ್ಚಿನಲ್ಲಿ ಕಾಯಿನ್ ಸಿಗತೊಡಗಿತು. ಬೆಲೆ ಅದರ ಹಿಂದೆ ಇಳಿಯಲಿಲ್ಲ. ಆ ತಿಂಗಳ ಕೊನೆಗೆ ಏರಿಯೇ ಇತ್ತು.

ಎಲ್ಲಕ್ಕಿಂತ ಹೆಚ್ಚು ಜನರನ್ನು ಹಿಡಿದದ್ದು 2019ರ ಮಾರ್ಚಿನಲ್ಲಿ ಬಂದ ಸೂತ್ರ. ಪ್ಲಾನ್‌ಬಿ ಎಂಬ ಹೆಸರಿನ ಮರೆಯಲ್ಲಿ ಬರೆಯುವ ಡಚ್ ಹೂಡಿಕೆದಾರನೊಬ್ಬ ಅದನ್ನು ಮುಂದಿಟ್ಟ. ಈಗಿರುವ ಒಟ್ಟು ದಾಸ್ತಾನನ್ನು ಒಂದು ವರ್ಷದ ಹೊಸ ಉತ್ಪಾದನೆಯಿಂದ ಭಾಗಿಸಿ, ಬಂದ ಅನುಪಾತ ದೊಡ್ಡದಾದಷ್ಟೂ ವಸ್ತು ಅಪರೂಪದ್ದು, ಅಪರೂಪವಾದಷ್ಟೂ ಬೆಲೆ ಹೆಚ್ಚು ಎಂಬುದು ತಿರುಳು. ಚಿನ್ನದ ಅನುಪಾತ 60ರ ಆಸುಪಾಸು. ಹಳೆಯ ಬೆಲೆಗಳಿಗೆ ಹೊಂದಿಸಿ ತೆಗೆದ ಸಮೀಕರಣ ಹೀಗಿತ್ತು; ಎಡಗಡೆ ಇರುವುದು ಎಲ್ಲ ಕಾಯಿನ್ ಸೇರಿದ ಒಟ್ಟು ಮೌಲ್ಯ, SF ಎಂದರೆ ಈ ಅನುಪಾತ:

```
market value (USD) = exp(14.6) * SF^3.3
```

ಲೆಕ್ಕ ಹಾಕಿ ನೋಡೋಣ. ಪ್ರತಿ ಬ್ಲಾಕಿಗೆ ಹುಟ್ಟುವ ಹೊಸ ಕಾಯಿನ್ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ; ಇದಕ್ಕೆ ಹಾಲ್ವಿಂಗ್ ಎನ್ನುತ್ತಾರೆ. 2020ರ ಮೇ ತಿಂಗಳ ಹಾಲ್ವಿಂಗ್ ಬಳಿಕ ಪ್ರತಿ ಬ್ಲಾಕಿಗೆ ಹುಟ್ಟುತ್ತಿದ್ದದ್ದು 6.25 ಕಾಯಿನ್. ದಿನಕ್ಕೆ 144 ಬ್ಲಾಕಿನಂತೆ ವರ್ಷಕ್ಕೆ 3,28,500. ದಾಸ್ತಾನು ಸುಮಾರು 1.84 ಕೋಟಿ. ಭಾಗಿಸಿದರೆ 56. ಸೂತ್ರಕ್ಕೆ ಹಾಕಿ, ಬಂದ ಮೌಲ್ಯವನ್ನು ದಾಸ್ತಾನಿನಿಂದ ಭಾಗಿಸಿದರೆ ಒಂದು ಕಾಯಿನ್‌ಗೆ ಸುಮಾರು 70,000 ಡಾಲರ್. ಹಾಲ್ವಿಂಗ್ ನಂತರಕ್ಕೆ ಮೂಲ ಲೇಖನ ಹೇಳಿದ್ದು 55,000. 2021ರ ಫೆಬ್ರವರಿಯಲ್ಲಿ ಬೆಲೆ 55,000 ದಾಟಿತು, ನವೆಂಬರಿನಲ್ಲಿ 69,000ದ ಹತ್ತಿರ ಹೋಯಿತು. ಸೂತ್ರ ಗೆದ್ದಿತು ಎಂದು ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ವರ್ಷದ ನಂತರ, 2022ರ ನವೆಂಬರಿನಲ್ಲಿ, ಬೆಲೆ 16,000ಕ್ಕಿಂತ ಕೆಳಗಿತ್ತು. ಅಪರೂಪತೆ ಅಷ್ಟರಲ್ಲಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ, ತುಸು ಹೆಚ್ಚೇ ಆಗಿತ್ತು. ಬದಲಾದದ್ದು ಕೊಳ್ಳುವವರ ಸಂಖ್ಯೆ ಮತ್ತು ಅವರ ಕೈಯಲ್ಲಿದ್ದ ಹಣ. ಅದಕ್ಕೆ ಸೂತ್ರದಲ್ಲಿ ಜಾಗವೇ ಇಲ್ಲ. ಪೂರೈಕೆಯೊಂದನ್ನೇ ಅಳೆದು ಬೆಲೆ ಹೇಳಿದರೆ ಬೇಡಿಕೆ ಸುಮ್ಮನೆ ಕೂರುವುದಿಲ್ಲ.

2024ರ ಏಪ್ರಿಲ್ ಹಾಲ್ವಿಂಗ್ ಆದ ಮೇಲೆ ಅನುಪಾತ ಸುಮಾರು 120. ಅದೇ ಸೂತ್ರ ಈಗ ಕಾಯಿನ್‌ಗೆ ಎಂಟು ಲಕ್ಷ ಡಾಲರ್ ಎನ್ನುತ್ತದೆ. 2025ರಲ್ಲಿ ಮುಟ್ಟಿದ ಗರಿಷ್ಠ ಬೆಲೆ ಒಂದೂಕಾಲು ಲಕ್ಷದ ಆಸುಪಾಸು. ದೋಷ ಸೂತ್ರದ ಹೊಟ್ಟೆಯಲ್ಲೇ ಇದೆ: ನಾಲ್ಕು ವರ್ಷಕ್ಕೊಮ್ಮೆ ಅನುಪಾತ ಇಮ್ಮಡಿಯಾದರೆ ಒಟ್ಟು ಮೌಲ್ಯ ಹತ್ತಿರ ಹತ್ತಿರ ಹತ್ತು ಪಟ್ಟಾಗಬೇಕು. ಹೀಗೆ ಎರಡು ಹಾಲ್ವಿಂಗ್ ಮುಂದೆ ಹೋದರೆ ಭೂಮಿಯ ಮೇಲಿನ ಒಟ್ಟು ಸಂಪತ್ತನ್ನೇ ಮೀರುತ್ತದೆ. ಕಾಲದೊಂದಿಗೆ ಏರುವ ಎರಡು ರೇಖೆಗಳನ್ನು ಅಕ್ಕಪಕ್ಕ ಇಟ್ಟರೆ ಅವು ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆ. ಹೊಂದಿಕೆ ಎಷ್ಟೇ ಚೆಂದವಿರಲಿ, ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ.

ಹಾಗಿದ್ದರೆ ಇಥೀರಿಯಂ ಜಾಲದ ನಾಣ್ಯ ಈಥರ್? 2021ರ ಆಗಸ್ಟಿನಿಂದ ಅದರ ಜಾಲ ವ್ಯವಹಾರ ಶುಲ್ಕದ ಮೂಲಭಾಗವನ್ನು ಸುಟ್ಟುಹಾಕುತ್ತದೆ, ಅಂದರೆ ಚಲಾವಣೆಯಿಂದ ತೆಗೆದುಬಿಡುತ್ತದೆ. 2022ರ ಸೆಪ್ಟೆಂಬರಿನಿಂದ ಮೈನಿಂಗ್ ಹೋಗಿ ಸ್ಟೇಕಿಂಗ್ ಬಂದಿದೆ, ಜಾಲದಲ್ಲಿ ಈಥರನ್ನು ಒತ್ತೆಯಾಗಿ ಕಟ್ಟಿಟ್ಟವರಿಗೆ ಪ್ರತಿಫಲ ಸಿಗುತ್ತದೆ. ಕೊನೆಗೂ ಹುಟ್ಟುವಳಿ ಬಂತು ಎಂದು ಹಲವರು ಷೇರಿನ ಲೆಕ್ಕವನ್ನೇ ಹಾಕತೊಡಗಿದರು. ಆದರೆ ಪ್ರತಿಫಲದ ದೊಡ್ಡ ಭಾಗ ಹೊಸದಾಗಿ ಸೃಷ್ಟಿಸಿದ ಈಥರ್. ಅದು ಹೊರಗಿನಿಂದ ಬಂದ ಆದಾಯವಲ್ಲ, ಕಟ್ಟಿಡದವರ ಪಾಲನ್ನು ತೆಳು ಮಾಡಿ ಕಟ್ಟಿಟ್ಟವರಿಗೆ ಕೊಟ್ಟದ್ದು. ಬಳಕೆದಾರರು ತೆರುವ ಶುಲ್ಕವೇನೋ ನಿಜವಾದ ಆದಾಯ. ಅದನ್ನು ತೆರುವುದೂ ಈಥರಿನಲ್ಲೇ. ಬೆಲೆ ಏರಿ ಪೇಟೆ ಬಿಸಿಯಾದಾಗ ವಹಿವಾಟು ಹೆಚ್ಚಿ, ಡಾಲರ್ ಲೆಕ್ಕದಲ್ಲಿ ಶುಲ್ಕ ಉಬ್ಬುತ್ತದೆ, ಆ ಶುಲ್ಕ ತೋರಿಸಿ ಬೆಲೆ ಸರಿಯಾಗಿದೆ ಎನ್ನುತ್ತಾರೆ. ಬೆಲೆಯನ್ನು ಬೆಲೆಯಿಂದಲೇ ಸಮರ್ಥಿಸಿದಂತಾಯಿತು. 2024ರ ಮಾರ್ಚಿನ ಬದಲಾವಣೆಯ ನಂತರ ಈ ಜಾಲದ ಮೇಲೆ ಕಟ್ಟಿದ ಉಪಜಾಲಗಳಿಗೆ ಮಾಹಿತಿ ಇಡುವ ಜಾಗ ಅಗ್ಗವಾಗಿ, ಸುಡುವ ಶುಲ್ಕ ಕುಸಿಯಿತು. ಕುಗ್ಗುತ್ತಿದ್ದ ಈಥರ್ ದಾಸ್ತಾನು ಮತ್ತೆ ಬೆಳೆಯತೊಡಗಿತು. ಜಾಲ ಸುಧಾರಿಸಿದ ಹಾಗೆ ಆದಾಯ ಇಳಿಯಿತು ಎಂಬುದನ್ನು ಷೇರಿನ ಲೆಕ್ಕ ಹಾಕಿದವರು ನಿರೀಕ್ಷಿಸಿರಲಿಲ್ಲ.

ಯಾರಾದರೂ ಹೊಸ ಮೌಲ್ಯಮಾಪನ ತಂದರೆ ನೋಡಬೇಕಾದ್ದು ಒಂದೇ: ಲೆಕ್ಕಕ್ಕೆ ಹಾಕಿದ ಅಂಕಿಗಳಲ್ಲಿ ಎಷ್ಟರೊಳಗೆ ಇವತ್ತಿನ ಬೆಲೆ ಅಡಗಿ ಕೂತಿದೆ. ನಮ್ಮ ತೆರಿಗೆ ಕಾನೂನು ಈ ತಂಟೆಗೇ ಹೋಗಿಲ್ಲ. 2022ರಿಂದ ಅದು ಕೇಳುವುದು ಕೊಂಡ ಬೆಲೆ, ಮಾರಿದ ಬೆಲೆ, ನಡುವಿನ ಲಾಭಕ್ಕೆ ಶೇ. 30. ಕ್ರಿಪ್ಟೋ ಅಡವಿಟ್ಟುಕೊಂಡು ಸಾಲ ಕೊಡುವ ವಿದೇಶಿ ಸಂಸ್ಥೆಗಳೂ ಮೌಲ್ಯ ಕಟ್ಟುವುದಿಲ್ಲ, ಬೆಲೆ ಎಷ್ಟು ಬೇಗ ಬಿದ್ದೀತು ಎಂದಷ್ಟೇ ನೋಡುತ್ತವೆ. 50 ಲಕ್ಷದ ಕಾಯಿನ್‌ಗೆ 25 ಲಕ್ಷ ಸಾಲ ಕೊಟ್ಟು, ಸಾಲ ಅಡವಿನ ಶೇ. 80 ಮುಟ್ಟಿದರೆ ಮಾರುವ ಷರತ್ತು ಹಾಕಿದರು ಎನ್ನೋಣ. ಅಡವಿನ ಬೆಲೆ 31.25 ಲಕ್ಷಕ್ಕೆ ಬಂದ ಕೂಡಲೇ, ಅಂದರೆ ಶೇ. 37.5 ಕುಸಿದರೆ, ಕಾಯಿನ್ ಮಾರಾಟ. 2021ರ ನವೆಂಬರಿನಿಂದ ಒಂದು ವರ್ಷದಲ್ಲಿ ಆದ ಕುಸಿತ ಶೇ. 75ಕ್ಕೂ ಹೆಚ್ಚು.